ಮೂಗಿನ ಡ್ರಾಪ್ಸ್ ಬಿಟ್ಟರೆ ಮೂಗು ಮತ್ತೆ ಕಟ್ಟುತ್ತದೆ, ಏಕೆ?

ಮೂರು ವಾರದಿಂದ ದಿನಾ ಡ್ರಾಪ್ಸ್ ಹಾಕುತ್ತಿದ್ದೇನೆ. ಬಿಟ್ಟರೆ ರಾತ್ರಿ ಉಸಿರಾಡಲು ಆಗುವುದಿಲ್ಲ. ಏನು ಮಾಡಲಿ?

ಮೊದಲು ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ. ಬ್ರಾಂಡ್ ಹೆಸರು ನಂಬಬೇಡಿ, ಒಂದೇ ಹೆಸರಿನಲ್ಲಿ ಬೇರೆ ಬೇರೆ ಔಷಧಿ ಬರುತ್ತವೆ. ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಎಂದಿದ್ದರೆ ಅದು ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುವ ಔಷಧಿ. ಹಾಕಿದ ಕೆಲವೇ ನಿಮಿಷಗಳಲ್ಲಿ ಮೂಗು ತೆರೆಯುತ್ತದೆ. ಸೋಡಿಯಂ ಕ್ಲೋರೈಡ್ ಎಂದಷ್ಟೇ ಇದ್ದರೆ ಬರೀ ಉಪ್ಪುನೀರು, ದಿನಾ ಬಳಸಬಹುದು. ಫ್ಲುಟಿಕಾಸೋನ್, ಮೊಮೆಟಾಸೋನ್ ಸ್ಟೀರಾಯ್ಡ್‌ಗಳು. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು, ಆದರೆ ಅಭ್ಯಾಸ ಹಿಡಿಸುವುದಿಲ್ಲ.

ನಿಮ್ಮದು ಬಹುತೇಕ ಮೊದಲನೆಯದು. ಅದನ್ನು 3ರಿಂದ 5 ದಿನ ಮೀರಿ ಹಾಕಿದರೆ ಔಷಧಿಯ ಪ್ರಭಾವ ಇಳಿದೊಡನೆ ಒಳಪದರ ಮತ್ತೆ ಊದಿಕೊಳ್ಳುತ್ತದೆ. ಮತ್ತೆ ಹಾಕುತ್ತೀರಿ, ಮತ್ತೆ ಊದುತ್ತದೆ. ನೆಗಡಿ ಹೋಗಿದ್ದರೂ, ಸೀನು ಸಿಂಬಳ ಇಲ್ಲದೆ ಮೂಗು ಮಾತ್ರ ಕಟ್ಟುತ್ತಿದ್ದರೆ ಇದೇ ಕಾರಣ ಇರಬಹುದು.

ಒಮ್ಮೆಲೇ ಬಿಡುವುದು ಕಷ್ಟವೆನಿಸಿದರೆ ಮೊದಲು ಒಂದೇ ಹೊಳ್ಳೆಗೆ ನಿಲ್ಲಿಸಿ. ಇನ್ನೊಂದರಲ್ಲಿ ಉಸಿರಾಡಬಹುದು, ನಿದ್ದೆ ಕೆಡುವುದಿಲ್ಲ. ಮೊದಲ ಹೊಳ್ಳೆ ತಾನಾಗಿ ತೆರೆದ ಮೇಲೆ ಎರಡನೆಯದಕ್ಕೂ ನಿಲ್ಲಿಸಿ. ಈ ಅವಧಿಯಲ್ಲಿ ಉಪ್ಪುನೀರಿನ ಸ್ಪ್ರೇ ಹಾಕಿ, ತಲೆದಿಂಬು ಎತ್ತರಿಸಿ ಮಲಗಿ. ವೈದ್ಯರನ್ನು ಕೇಳಿ ಸ್ಟೀರಾಯ್ಡ್ ಸ್ಪ್ರೇಯನ್ನೂ ಶುರುಮಾಡಿದರೆ ಸುಲಭವಾಗುತ್ತದೆ. ಅದನ್ನು ತಲೆ ಸ್ವಲ್ಪ ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲಕ್ಕೆ ಎಡಗೈಯಿಂದ ಹೊಡೆಯಿರಿ. ತುದಿ ಮೂಗಿನ ನಡುಗೋಡೆಯ ಕಡೆ ತಿರುಗಿದರೆ ರಕ್ತ ಬರಬಹುದು.

ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ, ಎರಡು ವಾರವಾದರೂ ಮೂಗು ತೆರೆಯದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.