ಆರು ಪುಟ ತೆಗೆದವನು, ತೆಗೆಯಲು ಬಿಟ್ಟವರು

ಪ್ರಶ್ನೆ: ನಾನು ಕಾಲೇಜು ಮ್ಯಾಗಜೀನ್‌ನ ವಿದ್ಯಾರ್ಥಿ ಸಂಪಾದಕಿ. ಪುಟ ಕಟ್ಟುವ ಹುಡುಗ ಯಾರನ್ನೂ ಕೇಳದೆ ರಾತ್ರೋರಾತ್ರಿ ಕೊಡವ ತಕ್ಕಿನ ಎರಡು ಬರಹ ತೆಗೆದುಹಾಕಿದ. ನನಗೆ ಗೊತ್ತಾಗಿದ್ದು ಪ್ರೂಫ್ ನೋಡಿದಾಗ. ಈಗ ಒಂಬತ್ತು ಜನರ ತಂಡ ಎರಡು ಪಾಲಾಗಿದೆ, ಭಾಷೆಯ ಜಗಳ ಶುರುವಾಗಿದೆ. ತರಬೇತಿ ಕೊಡಲು ಬಂದಿದ್ದವರು ‘ಇದು ಸ್ಟಾರ್ಮಿಂಗ್ ಹಂತ, ತಾನಾಗೇ ಸರಿಹೋಗುತ್ತೆ’ ಅಂದರು. ಕಾಯಬೇಕಾ?
— ವಿರಾಜಪೇಟೆಯಿಂದ

ಕಾಯಬೇಡಿ. ಜನವರಿ ಕೊನೆಗೆ ಪ್ರೆಸ್ಸಿಗೆ ಕೊಡಬೇಕು ಅಂತ ನೀವೇ ಬರೆದಿದ್ದೀರಿ. ಕಾಯುತ್ತಾ ಕೂತರೆ ಜಗಳ ಉಳಿಯುತ್ತದೆ, ಮ್ಯಾಗಜೀನ್ ಉಳಿಯುವುದಿಲ್ಲ.

ಈ ‘ಹಂತ’ದ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಬರೆದ ಒಂದು ಲೇಖನದಿಂದ ಬಂದದ್ದು ಅದು. ಬೇರೆಯವರು ಬರೆದಿದ್ದ ಸುಮಾರು ಐವತ್ತು ಲೇಖನ ಓದಿ ಅವರು ಹಂತಗಳನ್ನು ಗುರುತಿಸಿದರು: ಗುಂಪು ಮೊದಲು ಕೂಡುತ್ತದೆ, ಆಮೇಲೆ ಕಿತ್ತಾಡುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ, ಕೊನೆಗೆ ಕೆಲಸ ಮಾಡುತ್ತದೆ. ಕಿತ್ತಾಡುವುದೇ ‘ಸ್ಟಾರ್ಮಿಂಗ್’. ಆ ಲೇಖನಗಳಲ್ಲಿ ಜಾಸ್ತಿ ಇದ್ದದ್ದು ಮಾನಸಿಕ ಚಿಕಿತ್ಸೆಗೆ ಸೇರಿದ ಗುಂಪುಗಳು, ಮತ್ತೆ ತರಬೇತಿಗೆ ಅಂತಲೇ ಕೂಡಿಸಿದ ಗುಂಪುಗಳು. ಅಲ್ಲಿ ಯಾರೂ ಎಂಬತ್ತು ಪುಟ ಅಚ್ಚಿಗೆ ಕೊಡಬೇಕಿರಲಿಲ್ಲ. ಗದ್ದಲ ಆದಮೇಲೆ ಹೊಂದಾಣಿಕೆ ತಾನಾಗೇ ಬರುತ್ತದೆ, ಸುಮ್ನೆ ಕೂತಿರಿ ಅಂತ ಟಕ್‌ಮನ್ ಎಲ್ಲೂ ಹೇಳಿಲ್ಲ. ಅದನ್ನು ಸೇರಿಸಿದ್ದು ಪ್ರೊಜೆಕ್ಟರ್ ಹಿಡಿದುಕೊಂಡು ಊರೂರು ಸುತ್ತುವವರು.

ನಿಮ್ಮ ತಂಡಕ್ಕೆ ಹೊಂದುವುದು ಕಾನಿ ಗರ್ಸಿಕ್ ಅನ್ನುವ ಸಂಶೋಧಕಿ ಕಂಡದ್ದು. 1988ರಲ್ಲಿ ಪ್ರಕಟವಾದ ಅಧ್ಯಯನ. ಗಡುವು ಇಟ್ಟುಕೊಂಡು ಕೆಲಸ ಮಾಡುವ ಎಂಟು ತಂಡಗಳನ್ನು ಆಕೆ ಮೊದಲ ಸಭೆಯಿಂದ ಕೊನೆಯವರೆಗೆ ನೋಡಿದರು. ಒಂದು ತಂಡದ ಆಯಸ್ಸು ಏಳು ದಿನ, ಇನ್ನೊಂದರದ್ದು ಆರು ತಿಂಗಳು. ಯಾವ ತಂಡವೂ ಮೆಟ್ಟಿಲು ಹತ್ತಿದ ಹಾಗೆ ಹಂತ ಹಂತವಾಗಿ ಹೋಗಲಿಲ್ಲ. ಮೊದಲ ಸಭೆಯಲ್ಲಿ ಹಿಡಿದ ರೀತಿಯನ್ನೇ ಅರ್ಧ ಸಮಯದವರೆಗೆ ಎಳೆದವು. ಸರಿಸುಮಾರು ನಟ್ಟನಡುವೆ ‘ಅಯ್ಯೋ, ಸಮಯ ಹೋಯ್ತಲ್ಲ’ ಅಂತ ಎಚ್ಚೆತ್ತು ಕೆಲಸದ ರೀತಿಯನ್ನೇ ಬದಲಿಸಿದವು. ಆಮೇಲೆ ಕೊನೆಯವರೆಗೂ ಆ ಹೊಸ ರೀತಿಯೇ.

ಈಗ ನಿಮ್ಮ ಲೆಕ್ಕ ಹಾಕಿ. ಮೊದಲ ಸಭೆ ಆಗಸ್ಟ್ ಎರಡನೇ ವಾರ, ಗಡುವು ಜನವರಿ ಕೊನೆ. ನಡು ಬಂದದ್ದು ನವೆಂಬರ್ ಮೊದಲ ವಾರ. ತುಲಾ ಸಂಕ್ರಮಣ ಕಳೆದಿತ್ತು, ಪುತ್ತರಿ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ನಿಮ್ಮ ಕೆಲಸ ಏನು? ಬರಹ ಕೇಳುವುದು, ಓದುವುದು, ಆರಿಸುವುದು. ಅಂದರೆ ಸಂಪಾದಕಿಯ ಕೆಲಸ. ಆಮೇಲೆ ಶುರುವಾದದ್ದು ಪುಟ ಕಟ್ಟುವ ಕೆಲಸ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಯೂನಿಕೋಡಿಗೆ ತಿರುಗಿಸುವುದು, ಒಡೆದುಹೋದ ಒತ್ತಕ್ಷರ ಸರಿಮಾಡುವುದು, ಫೋಟೊ ಕೂರಿಸುವುದು. ಇದನ್ನೆಲ್ಲ ಮಾಡಲು ಬರುತ್ತಿದ್ದದ್ದು ಒಬ್ಬನಿಗೇ, ಫೈಲ್ ಇದ್ದದ್ದೂ ಅವನ ಲ್ಯಾಪ್‌ಟಾಪಿನಲ್ಲೇ. ಕೆಲಸ ಎಲ್ಲಿಗೆ ಹೋಯಿತೋ ಅಧಿಕಾರವೂ ಅಲ್ಲಿಗೇ ಹೋಯಿತು. ನಿಮ್ಮ ಹೆಸರಿನ ಮುಂದೆ ‘ಸಂಪಾದಕಿ’ ಅಂತ ಇತ್ತು ನಿಜ. ಆದರೆ ಇನ್ನು ಮೇಲೆ ಯಾರು ಏನು ತೀರ್ಮಾನ ಮಾಡಬೇಕು ಅಂತ ನವೆಂಬರಿನಲ್ಲಿ ಒಂದು ಸಭೆಯನ್ನೂ ನೀವು ಕರೆಯಲಿಲ್ಲ.

ನೀವು ಕಳಿಸಿದ ವಾಟ್ಸಾಪ್ ಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಂದೇಶ ನಿಮ್ಮದು: ‘ಯಾರನ್ನು ಕೇಳಿ ತೆಗೆದೆ?’ ಅವನ ಉತ್ತರ: ‘ಯಾರನ್ನು ಕೇಳಬೇಕಿತ್ತು? ಹನ್ನೊಂದು ಗಂಟೆಗೆ ಒಬ್ರೂ ಫೋನ್ ಎತ್ತಿಲ್ಲ.’ ಇನ್ನೊಬ್ಬರು: ‘ಕಾಫಿ ಕೊಯ್ಲು ಟೈಮು, ತೋಟದ ಮನೇಲಿ ನೆಟ್‌ವರ್ಕ್ ಎಲ್ಲಿ?’ ಹನ್ನೊಂದು ನಿಮಿಷ ಆದಮೇಲೆ ನಾಲ್ಕನೆಯವರು: ‘ನಿಂಗೆ ನಮ್ಮ ಭಾಷೆ ಅಂದ್ರೆ ತಾತ್ಸಾರ.’ ಅಲ್ಲಿಂದ ಮುಂದೆ ಪುಟದ ಸುದ್ದಿಯೇ ಇಲ್ಲ.

ತಂಡದ ಜಗಳದಲ್ಲಿ ಮೂರು ಬಗೆ ಇದೆ ಅಂತ ಸಂಶೋಧಕಿ ಕರೆನ್ ಜೇನ್ 1990ರ ದಶಕದಲ್ಲಿ ತೋರಿಸಿದರು. ಏನು ಮಾಡಬೇಕು ಅನ್ನುವುದರ ಮೇಲಿನ ಜಗಳ ಒಂದು. ನೀನು ಎಂಥವನು ಅನ್ನುವ ಜಗಳ ಇನ್ನೊಂದು. ಯಾರು ಮಾಡಬೇಕು, ಯಾರು ತೀರ್ಮಾನಿಸಬೇಕು ಅನ್ನುವ ಜಗಳ ಮೂರನೆಯದು. ನಿಮ್ಮ ಮೊದಲ ಮೂರು ಸಂದೇಶಗಳನ್ನು ನೋಡಿ, ಮೂರೂ ಮೂರನೇ ಬಗೆಗೆ ಸೇರಿದವು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಹಾಗಾಗಿ ನಾಲ್ಕನೇ ಸಂದೇಶಕ್ಕೆ ಅದು ಎರಡನೇ ಬಗೆಗೆ ಜಾರಿತು. ಕೆಲಸದ ಹಂಚಿಕೆಯ ಜಗಳ ಇತ್ಯರ್ಥವಾಗದೆ ಉಳಿದರೆ ಬೇಗ ಸ್ವಭಾವದ ಜಗಳವಾಗಿಬಿಡುತ್ತದೆ. ‘ನನ್ನನ್ನು ಕೇಳಲಿಲ್ಲ’ ಅನ್ನುವುದು ‘ನನಗೆ ಬೆಲೆ ಇಲ್ಲ’ ಅಂತ ಕೇಳಿಸುತ್ತದೆ. ಅಲ್ವಾ?

ಇನ್ನು ಆರು ಪುಟದ ಕಥೆ. ನಿಮ್ಮ ದುಡ್ಡಿಗೆ ಐದು ಫಾರಂ ಬರುತ್ತದೆ, ಫಾರಂಗೆ ಹದಿನಾರು, ಒಟ್ಟು 80 ಪುಟ. ಬರಹ ಎಲ್ಲ ಕೂರಿಸಿದಾಗ 86 ಆಯಿತು. ಇನ್ನೊಂದು ಫಾರಂ ಅಂದರೆ 96, ಅಷ್ಟು ದುಡ್ಡಿಲ್ಲ. ಕೊಡವ ತಕ್ಕಿನ ಬರಹ ಒಂದು ನಾಲ್ಕು ಪುಟ, ಇನ್ನೊಂದು ಎರಡು. ಎರಡೂ ಇದ್ದದ್ದು ಕಟ್ಟಕಡೆಗೆ. ನಿದ್ದೆಗೆಟ್ಟ ಹುಡುಗನಿಗೆ ಕಂಡದ್ದು ಬರೀ ಕಳೆಯುವ ಲೆಕ್ಕ ಅಂತ ನನ್ನ ಅನುಮಾನ. ಆದರೆ ಅವನ್ನು ಕಟ್ಟಕಡೆಗೆ ಇಟ್ಟವರು ಯಾರು? ಅನುಕ್ರಮಣಿಕೆ ಮಾಡಿದ್ದು ನೀವು. ಕೊನೆಗೆ ಇಟ್ಟದ್ದೇ ಮೊದಲು ಹೋಗುವುದು ಎಲ್ಲ ಮ್ಯಾಗಜೀನಿನಲ್ಲೂ ನಡೆಯುವ ಸಂಗತಿ. ತಾತ್ಸಾರ ಅನ್ನುವ ಮಾತು ಬಂದರೆ ಅದರಲ್ಲಿ ನಿಮ್ಮ ಪಾಲೂ ಸ್ವಲ್ಪ ಇದೆ, ಕೋಪ ಮಾಡ್ಕೋಬೇಡಿ.

ಕತ್ತರಿ ಹಾಕುವ ಹಕ್ಕು ತನ್ನದು ಅಂತ ಅವನಿಗೆ ಕಲಿಸಿದವರೂ ತಂಡದವರೇ. ಮಿನ್ನೆಸೋಟ ವಿಶ್ವವಿದ್ಯಾಲಯದ ಅರ್ನೆಸ್ಟ್ ಬೋರ್ಮನ್ ವರ್ಷಗಟ್ಟಲೆ ವಿದ್ಯಾರ್ಥಿ ಗುಂಪುಗಳನ್ನು ನೋಡಿ ಹೇಳಿದ್ದು ಇದು: ಪಾತ್ರವನ್ನು ಯಾರೂ ಹುಟ್ಟುತ್ತಾ ತರುವುದಿಲ್ಲ. ಒಬ್ಬ ಏನೋ ಒಂದು ಮಾಡುತ್ತಾನೆ, ಗುಂಪು ಮೆಚ್ಚಿದರೆ ಮತ್ತೆ ಮಾಡುತ್ತಾನೆ, ಬರಬರುತ್ತಾ ಅದು ಅವನ ಪಾತ್ರವಾಗುತ್ತದೆ. ನವೆಂಬರ್ 19ರ ನಿಮ್ಮದೇ ಸಂದೇಶ ನೋಡಿ. ಜಾಗ ಸಾಲದೆ ಅವನು ಒಂದು ಚುಟುಕ ತೆಗೆದಿದ್ದ. ನೀವು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದಿರಿ. ಆಮೇಲೆ ಎರಡು ಫೋಟೊ ಕಿತ್ತುಹಾಕಿದ, ‘ಸೂಪರ್’ ಅಂದಿರಿ. ಡಿಸೆಂಬರಿನಲ್ಲಿ ಆರು ಪುಟ ತೆಗೆದ. ಅವನಿಗೆ ಅದು ಅದೇ ಕೆಲಸ, ಸ್ವಲ್ಪ ದೊಡ್ಡದು ಅಷ್ಟೇ.

ಮಾಡಬೇಕಾದ್ದು ಹೀಗೆ. ಮೊದಲು ಆ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯ ನಿಲ್ಲಿಸಿ. ಅವನ ಜೊತೆ ನೀವೊಬ್ಬರೇ ಕೂತು ಮಾತಾಡಿ. ಎಂಟು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಯಾರಿಗೂ ಕಷ್ಟ. ‘ಯಾಕೆ ಹಾಗೆ ಮಾಡಿದೆ’ ಅಂತ ಶುರುಮಾಡಬೇಡಿ. ‘ಆ ರಾತ್ರಿ ಏನಾಯ್ತು, ಮೊದಲಿಂದ ಹೇಳು’ ಅನ್ನಿ. ಆಮೇಲೆ ಎಲ್ಲರ ಸಭೆ ಕರೆಯಿರಿ. ಅದರಲ್ಲಿ ಒಂದೇ ವಿಷಯ ಇರಲಿ: ಇವತ್ತಿಂದ ಪ್ರೆಸ್ಸಿಗೆ ಹೋಗುವವರೆಗೆ ಯಾವ ತೀರ್ಮಾನ ಯಾರದ್ದು. ಒಳಗೆ ಏನಿರಬೇಕು, ಏನು ಹೋಗಬೇಕು ಅನ್ನುವುದು ಸಂಪಾದಕಿಯದ್ದು. ಪುಟದಲ್ಲಿ ಹೇಗೆ ಕೂರಬೇಕು ಅನ್ನುವುದು ಅವನದ್ದು, ಅದರಲ್ಲಿ ನೀವು ಮೂಗು ತೂರಿಸಬಾರದು. ಪುಟ ಹೆಚ್ಚಾದರೆ ಅವನು ರಾತ್ರಿ ಒಂಬತ್ತರೊಳಗೆ ತಿಳಿಸಬೇಕು. ಮರುದಿನ ಮಧ್ಯಾಹ್ನದೊಳಗೆ ನೀವು ಉತ್ತರ ಕೊಡಬೇಕು. ತೋಟದಲ್ಲಿ ನೆಟ್‌ವರ್ಕ್ ಇಲ್ಲದ ದಿನ ನಿಮ್ಮ ಬದಲಿಗೆ ಯಾರು ಅಂತ ಒಬ್ಬರ ಹೆಸರು ಮೊದಲೇ ಬರೆದಿಡಿ. ಫೈಲಿನ ಒಂದು ಪ್ರತಿ ಪ್ರತಿ ಸಂಜೆ ನಿಮಗೂ ಬರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಒಂಬತ್ತು ಜನ ಸಹಿ ಹಾಕಿ.

ಆ ಎರಡು ಬರಹ ವಾಪಸ್ ಬರಬೇಕು. ಆರು ಪುಟ ಎಲ್ಲಿಂದ ಅಂತೀರಾ? ಸಂಘಗಳ ವಾರ್ಷಿಕ ವರದಿ ಮತ್ತು ಗುಂಪು ಫೋಟೊ ನಿಮ್ಮಲ್ಲಿ ಹದಿನಾಲ್ಕು ಪುಟ ತಿಂದಿವೆ. ಅದನ್ನು ಎಂಟಕ್ಕೆ ಇಳಿಸಿ. ಉಪನ್ಯಾಸಕರು ಮುಖ ಗಂಟಿಕ್ಕಬಹುದು, ಸಹಿಸಿಕೊಳ್ಳಿ.

ಒಂದು ಎಚ್ಚರಿಕೆ. ಅವನು ಇದುವರೆಗೆ ತೆಗೆದದ್ದನ್ನೆಲ್ಲ ಪಟ್ಟಿ ಮಾಡಿ ನೋಡಿ. ಕನ್ನಡದ್ದು, ಇಂಗ್ಲಿಷಿನದ್ದು, ಅರೆಭಾಷೆಯದ್ದು ಎಲ್ಲ ಇದ್ದರೆ ನಾನು ಹೇಳಿದ್ದು ಸರಿ. ಒಂದೇ ಭಾಷೆಯ ಬರಹಗಳೇ ಸಾಲಾಗಿ ಹೋಗಿದ್ದರೆ ತಾತ್ಸಾರದ ಅನುಮಾನವೇ ಸರಿ, ನನ್ನ ಹಾಳೆ ಕೆಲಸಕ್ಕೆ ಬರುವುದಿಲ್ಲ, ಮಾರ್ಗದರ್ಶಕ ಉಪನ್ಯಾಸಕರ ಹತ್ತಿರ ಹೋಗಿ. ಹಾಳೆ ಬರೆದು ಎರಡು ವಾರ ಆದರೂ ಹಳೇ ಮಾತುಗಳೇ ಬರುತ್ತಿದ್ದರೆ ಜಗಳ ಆಗಲೇ ಮನಸ್ಸಿಗೆ ಇಳಿದಿದೆ. ಆಗ ರಾಜಿ ಮಾಡಿಸಲು ಹೋಗಬೇಡಿ. ಇಬ್ಬರ ನಡುವೆ ಮೂರನೆಯವರನ್ನು ಇಟ್ಟು, ಕಾಗದ ಅವರ ಕೈಯಿಂದಲೇ ಓಡಾಡುವಂತೆ ಮಾಡಿ.

ನಾನು ಇಷ್ಟು ಕಟುವಾಗಿ ಹೇಳಲು ಕಾರಣ ಇದೆ. ಫ್ಲಾಪಿಯ ಕಾಲದಲ್ಲಿ ನಾನೂ ಒಂದು ತಂಡದ ಮಾರ್ಗದರ್ಶಕನಾಗಿದ್ದೆ. ಮುಖಪುಟದ ವಿಷಯಕ್ಕೆ ಇಬ್ಬರು ಕಿತ್ತಾಡಿದಾಗ ‘ನೀವೇ ಮಾತಾಡ್ಕೊಳ್ಳಿ’ ಅಂದುಬಿಟ್ಟೆ. ಒಬ್ಬ ಫ್ಲಾಪಿ ಜೇಬಿಗೆ ಹಾಕಿಕೊಂಡು ಸೋಮವಾರಪೇಟೆಯ ಮನೆಗೆ ಹೋದ. ಮ್ಯಾಗಜೀನ್ ಬಂದದ್ದು ಪರೀಕ್ಷೆ ಮುಗಿದ ಮೇಲೆ.

ಪ್ರಶ್ನೆ: ಜಗಳ ಇದ್ದರೇನೇ ಒಳ್ಳೆ ಐಡಿಯಾ ಬರುತ್ತೆ ಅಂತಾರೆ, ನಿಜವಾ?
— ಕುಶಾಲನಗರದಿಂದ

ಹಾಗೆ ಹೇಳಿದವರು ಅರ್ಧ ಓದಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಡಿ ಡ್ರೂ ಮತ್ತು ವೈನ್‌ಗಾರ್ಟ್ ಅನ್ನುವ ಇಬ್ಬರು ಸಂಶೋಧಕರು 2003ರಲ್ಲಿ ತೋರಿಸಿದ್ದೇನೆಂದರೆ, ಕೆಲಸದ ವಿಷಯಕ್ಕೆ ಆಗುವ ಜಗಳ ಹೆಚ್ಚಿದ್ದಲ್ಲೂ ತಂಡದ ಸಾಧನೆ ಕಡಿಮೆಯೇ ಇತ್ತು. ಭಿನ್ನಾಭಿಪ್ರಾಯ ಬಂದರೆ ಕೇಳಿ. ಬೇಕು ಅಂತ ಹುಟ್ಟಿಸಬೇಡಿ.

ಪ್ರಶ್ನೆ: ತಂಡದಲ್ಲಿ ಹನ್ನೆರಡು ಜನ, ಕೆಲಸ ಮಾಡೋರು ನಾಲ್ಕೇ. ಉಳಿದವರನ್ನು ತೆಗೆಯೋದಾ?
— ಗೋಣಿಕೊಪ್ಪಲಿನಿಂದ

ಮೊದಲು ಅವರವರ ಕೆಲಸ ಕಾಣುವ ಹಾಗೆ ಮಾಡಿ. ಎಲ್ಲರೂ ಸೇರಿ ಚಪ್ಪಾಳೆ ತಟ್ಟುವಾಗ, ಕೂಗುವಾಗ ಒಬ್ಬೊಬ್ಬರೂ ಕಡಿಮೆ ಶಬ್ದ ಮಾಡುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಬಿಬ್ ಲತಾನೆ ಮತ್ತು ಜೊತೆಗಾರರು 1979ರಲ್ಲೇ ಅಳೆದು ತೋರಿಸಿದ್ದಾರೆ. ಯಾರ ಪಾಲು ಎಷ್ಟು ಅಂತ ಗೊತ್ತಾಗುವ ಹಾಗಿದ್ದರೆ ಆ ಸೋಮಾರಿತನ ಇಳಿಯುತ್ತದೆ. ‘ಪ್ರೂಫ್ ತಂಡ’ ಅಂತ ಬರೆಯಬೇಡಿ, ‘ಪುಟ 17ರಿಂದ 32’ ಅಂತ ಬರೆದು ಎದುರಿಗೆ ಒಂದೇ ಹೆಸರು ಹಾಕಿ.

ಪ್ರಶ್ನೆ: ಆನ್‌ಲೈನ್ ವ್ಯಕ್ತಿತ್ವ ಪರೀಕ್ಷೆ ಮಾಡಿ ಪಾತ್ರ ಹಂಚಬಹುದಾ?
— ಮಡಿಕೇರಿಯಿಂದ

ಬೇಡ. ಒಂದು ಪುಟದ ಪ್ರೂಫ್ ಕೊಟ್ಟು ನೋಡಿ, ಯಾರು ಏನು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಮ್ಯಾಗಜೀನ್ ಬಿಡುಗಡೆ ಆಯ್ತು. ಜಗಳದ ವಾಟ್ಸಾಪ್ ಗುಂಪು ಡಿಲೀಟ್ ಮಾಡಲಾ?
— ಪೊನ್ನಂಪೇಟೆಯಿಂದ

ಪ್ರೆಸ್ಸಿನ ಬಿಲ್ ಪೂರ್ತಿ ಕಟ್ಟುವವರೆಗೆ ಬೇಡ.