5,000 ದಿರ್ಹಮ್ ಅಂತ ಮಾತ್ರ ಇದ್ದರೆ ಸಹಿ ಹಾಕಬೇಡ

«ಅಣ್ಣಾ, ದುಬೈ ಕಂಪನಿಯಿಂದ ಅಕೌಂಟೆಂಟ್ ಕೆಲಸಕ್ಕೆ ಆಫರ್ ಲೆಟರ್ ಬಂದಿದೆ. ಸಂಬಳ ಒಟ್ಟು 5,000 ದಿರ್ಹಮ್, ಆದಷ್ಟು ಬೇಗ ಸೇರಿಕೊಳ್ಳಿ ಅಂತಿದೆ. ಮಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಡಬಹುದಾ?»

ಈಗಲೇ ಬೇಡ ತಮ್ಮಾ. ಮೊದಲು ಆ 5,000ದಲ್ಲಿ ಬೇಸಿಕ್ ಎಷ್ಟು ಅಂತ ಕೇಳು. ಇಲ್ಲಿ ದುಬೈಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಮನೆ ಬಾಡಿಗೆ, ಓಡಾಟದ ಭತ್ಯೆ ಅದರಲ್ಲಿ ಸೇರುವುದಿಲ್ಲ. ಒಂದು ವರ್ಷ ಪೂರೈಸಿದವರಿಗೆ, ಮೊದಲ 5 ವರ್ಷಗಳವರೆಗೆ, ವರ್ಷಕ್ಕೆ 21 ದಿನದ ಬೇಸಿಕ್ ಸಿಗುತ್ತದೆ.

ನೀನು 3 ವರ್ಷ ದುಡಿದೆ ಅಂತಿಟ್ಟುಕೋ. ಬೇಸಿಕ್ 3,000 ಇದ್ದರೆ ದಿನಕ್ಕೆ 100 ಆಯಿತು. ವರ್ಷಕ್ಕೆ 2,100, ಮೂರು ವರ್ಷಕ್ಕೆ 6,300 ದಿರ್ಹಮ್. ಬೇಸಿಕ್ 2,000 ಮಾತ್ರ ಇದ್ದರೆ ಕೈಗೆ ಬರುವುದು 4,200. ತಿಂಗಳ ಸಂಬಳ ಎರಡರಲ್ಲೂ ಒಂದೇ, ಆದರೂ 2,100 ದಿರ್ಹಮ್ ಹೋಯಿತು ಅಲ್ವಾ? ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಹಾಗಾಗಿ ಬೇಸಿಕ್, ಬಾಡಿಗೆ, ಓಡಾಟ, ಇತರೆ ಅಂತ ಬಿಡಿಬಿಡಿಯಾಗಿ ಬರೆಸಿಕೋ. ಕಂಪನಿಯೇ ರೂಮ್ ಕೊಡುತ್ತದೆ ಅಂದರೆ ಅದಕ್ಕೆ ಸಂಬಳದಲ್ಲಿ ಹಿಡಿಯುತ್ತಾರಾ ಅನ್ನುವುದೂ ಪತ್ರದಲ್ಲಿ ಇರಲಿ.

ಇನ್ನೊಂದು ಮಾತು. ನಿನ್ನ ಕೈಲಿರುವುದು ಕಂಪನಿಯ ಲೆಟರ್‌ಹೆಡ್‌ನ ಕಾಗದ ಇರಬಹುದು. ಬೇರೆ ಆಡಳಿತವಿರುವ ವಿಶೇಷ ವ್ಯಾಪಾರ ವಲಯವಾದ ಫ್ರೀ ಝೋನ್‌ನಲ್ಲಿ ಇಲ್ಲದ ಕಂಪನಿಯಾದರೆ ಕಾರ್ಮಿಕ ಸಚಿವಾಲಯದ (MOHRE) ನಮೂನೆಯಲ್ಲಿ ಬೇರೆ ಆಫರ್ ಬರುತ್ತದೆ. ಮುಂದಿನ ಕರಾರು ಅದಕ್ಕೆ ಹೊಂದಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಓದು. ಒಂದರಲ್ಲಿ ಅಕೌಂಟೆಂಟ್, ಇನ್ನೊಂದರಲ್ಲಿ ಕ್ಲರ್ಕ್ ಅಂತಿದ್ದರೆ ಅಲ್ಲೇ ತಡೆದು ಕೇಳು. «ಅದು ಸುಮ್ನೆ ವೀಸಾಕ್ಕೆ» ಅನ್ನುವ ಉತ್ತರ ನಂಬಬೇಡ, ತಿದ್ದಿಸಿಕೋ.

ಸೇರುವ ದಿನಕ್ಕೆ ಬರೋಣ. ವೀಸಾ ಯಾವಾಗ ಸಿಗುತ್ತದೆ ಅಂತ ಕಂಪನಿಗೂ ನಿಖರವಾಗಿ ಗೊತ್ತಿರುವುದಿಲ್ಲ, ಅದು ತಪ್ಪಲ್ಲ. ಆದರೆ «ಎಂಟ್ರಿ ಪರ್ಮಿಟ್ ಬಂದ ಮೇಲೆ ಇಷ್ಟು ದಿನದೊಳಗೆ» ಅಂತಾದರೂ ಬರೆಯಲಿ. ಅದರಲ್ಲಿ ಮಂಗಳೂರಿನ ಕೆಲಸದ ನಿನ್ನ ನೋಟಿಸ್ ಅವಧಿಗೆ ಜಾಗ ಇರಬೇಕು. ರಾಜೀನಾಮೆ ಕೊಡುವುದು ಕೆಲಸದ ಎಂಟ್ರಿ ಪರ್ಮಿಟ್ ಕೈಗೆ ಬಂದ ಮೇಲೆ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರುಮಾಡು ಅಂದರೆ ಖಂಡಿತ ಒಪ್ಪಬೇಡ, ಅದು ಕಾನೂನಿಗೆ ವಿರುದ್ಧ.

ಪ್ರೊಬೇಷನ್ 6 ತಿಂಗಳಿಗಿಂತ ಜಾಸ್ತಿ ಇಡುವ ಹಾಗಿಲ್ಲ. ಆ ಅವಧಿಯಲ್ಲಿ ಅವರು ನಿನ್ನನ್ನು ತೆಗೆಯಬೇಕಾದರೆ 14 ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ನೀನೇ ಬಿಟ್ಟು ಇಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು.

ವೀಸಾ ಖರ್ಚು ಕಂಪನಿಯದು. ಅದನ್ನು ನಿನ್ನಿಂದ ವಸೂಲಿ ಮಾಡುವ ಷರತ್ತು ಕಂಡರೆ, ಅದನ್ನು ತೆಗೆದು ಹೊಸ ಪತ್ರ ಕಳಿಸಿ ಅಂತ ಮೇಲ್ ಹಾಕು. ಫೋನಿನಲ್ಲಿ ಒಪ್ಪಿಕೊಂಡರೂ ಪತ್ರ ಬದಲಾಗುವವರೆಗೆ ಸಹಿ ಬೇಡ.