ನೂರು ಮೊಟ್ಟೆ ಅಂದರೆ ಎಷ್ಟು ಹುಳ?

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯೋದಕ್ಕೆ ಅವಳ ಒಪ್ಪಿಗೆ ಇದೆ.

ಹುಡುಗಿಯನ್ನು ಸುಧಾ ಅಂತಿಟ್ಟುಕೊಳ್ಳೋಣ. ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಬಿ.ಎಸ್ಸಿ. ಮುಗಿದಿದೆ, ಹೊರದೇಶದ ಒಂದು ಕಾಲೇಜಿಗೆ ಅರ್ಜಿ ಹಾಕಬೇಕು. ಅದಕ್ಕೆ ತನ್ನ ಬಗ್ಗೆ 500 ಪದದ ಇಂಗ್ಲಿಷ್ ಪ್ರಬಂಧ ಬೇಕು. ಬರೆದು ಸೀನಿಯರ್ ಒಬ್ಬರಿಗೆ ತೋರಿಸಿದ್ದಾಳೆ, ಅವರು ಓದಿ ನಕ್ಕಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ನನ್ನ ಹತ್ತಿರ ಬಂದಾಗ ಅವಳ ಮೊದಲ ಮಾತು, "ನಮ್ಮ ಮನೆ ಕಥೆ ಬಿಟ್ಟು ಬೇರೆ ಏನಾದ್ರೂ ಬರೀತೀನಿ ಮೇಡಂ."

ಪ್ರಬಂಧ ಓದಿದೆ. ಕಥೆ ಗಟ್ಟಿಯಾಗಿತ್ತು. ಹತ್ತನೇ ಕ್ಲಾಸಿನಲ್ಲಿದ್ದಾಗ ಇಡೀ ಬೆಳೆಗೆ ರೋಗ ಬಂದು, ಅಪ್ಪ ಹುಳವನ್ನೆಲ್ಲ ಗುಂಡಿಗೆ ಸುರಿದ ದಿನದ ಕಥೆ. ಆದರೆ ಇಂಗ್ಲಿಷಿನಲ್ಲಿ ಅದು ಹೀಗಿತ್ತು: 'ವರ್ಮ್ಸ್ ಸ್ಯಾಟ್ ಫಾರ್ ಫೋರ್ತ್ ಫೀವರ್.' ಮುಂದೆ, ಹುಳ ಫ್ರೂಟ್ ಆಗುವ ಹೊತ್ತಿಗೆ ಮಿಲ್ಕ್ ಡಿಸೀಸ್ ಬಂತಂತೆ, ನೆಸ್ಟ್ ಮಾರ್ಕೆಟ್‌ಗೆ ಹೋಗೋಕೆ ಆಗಲಿಲ್ಲವಂತೆ. ಕೊನೆಗೆ, 'ಮೈ ಸ್ಟಮಕ್ ಬರ್ನ್ಡ್.'

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಪದವೂ ಕಷ್ಟ ಇಲ್ಲ. ನಾಲ್ಕನೇ ಜ್ವರಕ್ಕೆ ಕೂತಿತು, ಹಣ್ಣಾಗೋ ಹೊತ್ತಿಗೆ ಹಾಲುತೊಂಡೆ ಬಂತು, ಗೂಡಿನ ಮಾರುಕಟ್ಟೆಗೆ ಹೋಗೋಕೆ ಆಗಲಿಲ್ಲ, ಹೊಟ್ಟೆ ಉರಿಯಿತು. ಜ್ವರ ಅಂದರೆ ಹುಳ ಪೊರೆ ಬಿಡೋ ಹೊತ್ತು, ಹಣ್ಣಾಗೋದು ಅಂದರೆ ಗೂಡು ಕಟ್ಟೋಕೆ ಸಿದ್ಧವಾಗೋದು, ಹಾಲುತೊಂಡೆ ಹುಳಕ್ಕೆ ಬರೋ ಒಂದು ರೋಗ. ಹುಳ ಸಾಕದ ಊರಿನವನು ಓದಿದರೆ? ಹುಳಕ್ಕೆ ಥರ್ಮಾಮೀಟರ್ ಇಟ್ಟರಾ ಅಂತ ಕೇಳ್ತಾನೆ. ಹೊಟ್ಟೆ ಉರಿ ಅಂದರೆ ಆಸಿಡಿಟಿ ಅಂದುಕೊಳ್ತಾನೆ.

ಇವೆಲ್ಲ ನಗು ತರಿಸುವ ತಪ್ಪುಗಳು, ಕಣ್ಣಿಗೆ ಬೀಳುತ್ತವೆ. ನನಗೆ ಜಾಸ್ತಿ ಚಿಂತೆಯಾಗಿದ್ದು ಯಾರಿಗೂ ನಗು ಬಾರದ ಒಂದು ವಾಕ್ಯ: 'ವಿ ಲಾಸ್ಟ್ ಹಂಡ್ರೆಡ್ ಎಗ್ಸ್.' ವ್ಯಾಕರಣ ಸರಿ ಇದೆ, ಸ್ಪೆಲ್ಲಿಂಗ್ ಸರಿ ಇದೆ, ಯಾರೂ ಕೆಂಪು ಗೆರೆ ಎಳೆಯಲ್ಲ. ಆದರೆ ರೈತರ ಬಾಯಲ್ಲಿ ನೂರು ಮೊಟ್ಟೆ ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ. ಒಂದೊಂದು ಚಿಟ್ಟೆಯದು ಸುಮಾರು ನಾಲ್ಕು ನೂರು ಅಂದರೂ 40,000 ಹುಳ. ಓದುವವನು ನೂರು ಹುಳ ಸತ್ತವು ಅಂದುಕೊಂಡು, ಅಷ್ಟಕ್ಕೇ ಇಷ್ಟು ದುಃಖವಾ ಅಂತ ಮುಂದಿನ ಪುಟಕ್ಕೆ ಹೋಗ್ತಾನೆ. ಇದನ್ನು ಹೇಳಿದಾಗ ಸುಧಾ ಸುಮ್ಮನಾದಳು. ಆಮೇಲೆ, "ಅಂದ್ರೆ ನಾನೇ ನಮ್ಮ ನಷ್ಟ ಕಮ್ಮಿ ಮಾಡಿಬಿಟ್ಟೆ" ಅಂದಳು.

ಹೇಗೆ ಬರೆದೆ ಅಂತ ಕೇಳಿದೆ. ಮೊದಲು ನೋಟ್ ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು, ಒಂದೊಂದೇ ಸಾಲನ್ನು ಇಂಗ್ಲಿಷ್ ಮಾಡಿದ್ದಾಳೆ. ತೊಂದರೆ ಶುರುವಾಗಿದ್ದೇ ಅಲ್ಲಿ. ಕನ್ನಡದ ಸಾಲು ಎದುರಿಗೆ ಇದ್ದರೆ ಕೈ ಅದನ್ನೇ ಹಿಂಬಾಲಿಸುತ್ತೆ.

ನೋಟ್ ಬುಕ್ ಮುಚ್ಚಿಡು ಅಂದೆ. ಆ ದಿನದ್ದನ್ನು ಬಾಯಲ್ಲಿ ಹೇಳಿಸಿದೆ, ನಾನು ಬರೆದುಕೊಂಡಿದ್ದು ಕಣ್ಣಿಗೆ ಕಂಡಿದ್ದು, ಕೈ ಮಾಡಿದ್ದು, ಕಿವಿಗೆ ಬಿದ್ದಿದ್ದು ಅಷ್ಟೇ. ಎರಡು ಮೂರು ಪದದ ತುಂಡುಗಳು: ಊದಿದ ಹುಳ, ಮುಟ್ಟಿದರೆ ಬಿಳಿ ನೀರು, ಗುಂಡಿ, ಅಪ್ಪನ ಚಪ್ಪಲಿ. ಆ ಚೀಟಿ ಇಟ್ಟುಕೊಂಡು ನೇರವಾಗಿ ಇಂಗ್ಲಿಷಿನಲ್ಲಿ ಬರಿ, ಬಾರದ ಪದಕ್ಕೆ ಡ್ಯಾಶ್ ಹಾಕಿ ಮುಂದೆ ಹೋಗು ಅಂದೆ. ಚೀಟಿಯಲ್ಲಿ ವಾಕ್ಯವೇ ಇಲ್ಲವಲ್ಲ, ಹಿಂಬಾಲಿಸೋಕೆ ಏನೂ ಇರಲ್ಲ.

'ಹೊಟ್ಟೆ ಉರಿಯಿತು' ಹತ್ತಿರ ನಿಂತಳು. 'ಮೈ ಹಾರ್ಟ್ ಬ್ರೋಕ್' ಹಾಕಲಾ ಅಂತ ಕೇಳಿದಳು. ಬೇಡ ಅಂದೆ. ಅದು ಅವರ ನುಡಿಗಟ್ಟು, ಸಾವಿರ ಜನ ಬರೆದು ಸವೆದಿದೆ. ನಮ್ಮ ನುಡಿಗಟ್ಟು ತೆಗೆದು ಅವರದ್ದು ಹಾಕಿದರೆ ವಾಕ್ಯ ಸರಿಹೋಗಬಹುದು, ಅವಳ ಅನುಭವ ಅಲ್ಲಿ ಎಲ್ಲಿರುತ್ತೆ? ಹೊಟ್ಟೆ ಉರಿದಾಗ ಮನೆಯಲ್ಲಿ ಏನಾಯ್ತು ಅಂತ ಕೇಳಿದೆ. ತುಂಬ ಹೊತ್ತು ಬಿಟ್ಟು ಹೇಳಿದಳು, ಎರಡು ದಿನ ಊಟಕ್ಕೆ ಕೂತಾಗ ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಹಾಗೇ ಬರೆದಳು, ಒಂದೇ ಸಾಲು. ಹೊಟ್ಟೆಯೂ ಬೇಕಾಗಲಿಲ್ಲ, ಹಾರ್ಟೂ ಬೇಕಾಗಲಿಲ್ಲ.

ಇನ್ನೊಂದು ತೊಡಕು ವಾಕ್ಯದ ಕಟ್ಟಿನಲ್ಲಿತ್ತು. ಕನ್ನಡದಲ್ಲಿ ನಾವು ಎದ್ದು, ಮುಖ ತೊಳೆದು, ತೋಟಕ್ಕೆ ಹೋಗಿ, ಸೊಪ್ಪು ಕಿತ್ತು ತಂದು, ಹುಳಕ್ಕೆ ಹಾಕಿ, ಸ್ಕೂಲಿಗೆ ಹೋಗ್ತಿದ್ದೆ ಅಂತ ಒಂದೇ ಉಸಿರಿಗೆ ಹೇಳ್ತೀವಿ, ಕೇಳೋಕೂ ಚೆನ್ನಾಗಿರುತ್ತೆ. ಸುಧಾ ಪ್ರತಿಯೊಂದಕ್ಕೂ 'ಆಫ್ಟರ್' ಹಾಕಿದ್ದಳು. ಆಫ್ಟರ್ ಗೆಟಿಂಗ್ ಅಪ್, ಆಫ್ಟರ್ ವಾಷಿಂಗ್ ಫೇಸ್, ಹೀಗೆ ಆರು ಸಲ, ಕೊನೆಗೆ 'ಐ ವಾಸ್ ಗೋಯಿಂಗ್ ಟು ಸ್ಕೂಲ್'. ಇಂಗ್ಲಿಷಿನವನು ಮುಖ್ಯ ಕ್ರಿಯಾಪದ ಎಲ್ಲಿ ಅಂತ ಹುಡುಕ್ತಾನೆ, ಸಿಕ್ಕಿದ್ದು ಸ್ಕೂಲು. ಮುಖ್ಯವಾದದ್ದು ಸೊಪ್ಪು ಅಲ್ವಾ? ಅದಕ್ಕೇ ಪೂರ್ಣ ಕ್ರಿಯಾಪದ ಕೊಡು, ಮುಖ ತೊಳೆದಿದ್ದನ್ನು ಬಿಡು ಅಂದೆ. 'ಬಿಫೋರ್ ಸ್ಕೂಲ್ ಐ ಪಿಕ್ಡ್ ಮಲ್ಬೆರಿ ಲೀವ್ಸ್ ಅಂಡ್ ಫೆಡ್ ದ ವರ್ಮ್ಸ್' ಆಯಿತು. ದಿನಾ ಮಾಡುತ್ತಿದ್ದ ಕೆಲಸಕ್ಕೆ 'ವಾಸ್ ಗೋಯಿಂಗ್' ಬೇಡ. ನಮ್ಮ 'ಹೋಗ್ತಿದ್ದೆ' ರೂಢಿಯನ್ನೂ ಹೇಳುತ್ತೆ, ಅವರ 'ವಾಸ್ ಗೋಯಿಂಗ್' ಹೋಗ್ತಾ ಇದ್ದ ಆ ಒಂದು ಗಳಿಗೆಯನ್ನೇ ಹೆಚ್ಚಾಗಿ ಹೇಳುತ್ತೆ.

ಇಷ್ಟಾದ ಮೇಲೆ ಸುಧಾ ಕನ್ನಡದ್ದು ಅಂತ ಕಂಡಿದ್ದನ್ನೆಲ್ಲ ಕಿತ್ತುಹಾಕೋಕೆ ಶುರು ಮಾಡಿದಳು. ಫೀವರ್ ತೆಗೆದು 'ಮೋಲ್ಟ್' ಹಾಕಿದ್ದಳು. ಪಾಠದ ಪುಸ್ತಕದ ಪದ, ತಪ್ಪೇನಿಲ್ಲ, ಹುಳ ಪೊರೆ ಬಿಡೋದಕ್ಕೆ ಅದೇ ಹೆಸರು. ಆದರೆ ಹಿಂದಿನ ವಾರ ಮಾತಿನ ಮಧ್ಯೆ ಅವಳೇ ಒಂದು ವಿಷಯ ಹೇಳಿದ್ದಳು. ಹುಳ ಜ್ವರಕ್ಕೆ ಕೂತರೆ ಅವರಜ್ಜಿ ಮನೆಯಲ್ಲಿ ಯಾರನ್ನೂ ಜೋರಾಗಿ ಮಾತಾಡೋಕೆ ಬಿಡುತ್ತಿರಲಿಲ್ಲವಂತೆ, ಮಲಗಿರೋ ಮಗು ಇದ್ದ ಹಾಗೆ. ಆ ಅಜ್ಜಿಯನ್ನು ಮೋಲ್ಟ್ ಪಕ್ಕ ಹೇಗೆ ಕೂರಿಸೋದು? ಇದೊಂದನ್ನು ಪದಕ್ಕೆ ಪದ ಇಟ್ಟುಕೋ, ಆದರೆ ಅರ್ಧ ಸಾಲಿನ ಬೆಲೆ ಕೊಡು ಅಂದೆ: ನಾವು ಇದನ್ನು ಜ್ವರ ಅಂತೀವಿ, ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ, ಸೊಪ್ಪು ಮುಟ್ಟಲ್ಲ. ಆಮೇಲೆ ಅಜ್ಜಿ. ಫ್ರೂಟ್, ನೆಸ್ಟ್, ಮಿಲ್ಕ್ ಡಿಸೀಸ್ ಮೂರೂ ಹೋದವು. ಅವುಗಳ ಹಿಂದೆ ಹೇಳುವಂಥ ಕಥೆ ಏನೂ ಇರಲಿಲ್ಲ, ಸುಮ್ನೆ ಹೆಸರುಗಳು. ರೋಗದ ಹೆಸರಿನ ಬದಲು ಊದಿದ ಹುಳ, ಬಿಳಿ ನೀರು ಬಂತು.

ಕೊನೆಗೆ ಒಂದು ಪರೀಕ್ಷೆ ಮಾಡಿಸಿದೆ. ಕನ್ನಡ ಬಾರದ ಅವಳ ಹಾಸ್ಟೆಲ್ ಗೆಳತಿಗೆ ಓದೋಕೆ ಕೊಡು, ಚೆನ್ನಾಗಿದೆಯಾ ಅಂತ ಕೇಳಬೇಡ, ಏನಾಯ್ತು ಅಂತ ತಿರುಗಿ ಹೇಳಿಸು. ಗೆಳತಿ ಗುಂಡಿ, ಊಟ, ಅಜ್ಜಿ ಎಲ್ಲ ಸರಿಯಾಗಿ ಹೇಳಿದಳು. ಅಪ್ಪ ಮಾರನೇ ದಿನ ತಟ್ಟೆ ತೊಳೆದಿದ್ದನ್ನು ಊಟದ ತಟ್ಟೆ ಅಂದುಕೊಂಡಿದ್ದಳು. ಹುಳ ಸಾಕೋ ಬಿದಿರಿನ ತಟ್ಟೆ ಅದು, 'ಪ್ಲೇಟ್' ಅಂತ ಉಳಿದುಬಿಟ್ಟಿತ್ತು. 'ಬ್ಯಾಂಬೂ ಟ್ರೇ' ಮಾಡಿದಳು. ಅಲ್ಲಲ್ಲಿ ಒಂದು 'ದ' ಬಿಟ್ಟುಹೋಗಿತ್ತು, ಅದನ್ನು ಇನ್ನೊಬ್ಬರು ತಿದ್ದಿಕೊಡಲಿ ಅಂತ ಬಿಟ್ಟೆ.

ಕಳಿಸುವ ಹಿಂದಿನ ರಾತ್ರಿ ಫೋನ್ ಮಾಡಿದಳು. ಬರೆದದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದ್ದಾಳೆ. ಪೂರ್ತಿ ಕೇಳಿ ಅವರು, "ನೂರಲ್ಲಮ್ಮ, ಅವತ್ತು ತಂದಿದ್ದು ನೂರೈವತ್ತು ಮೊಟ್ಟೆ" ಅಂದರಂತೆ. 40,000 ಇದ್ದಲ್ಲಿ 60,000 ಮಾಡಿದೆ ಮೇಡಂ, ಅಷ್ಟೇ, ಬೇರೆ ಏನೂ ಮುಟ್ಟಿಲ್ಲ ಅಂದಳು.